ಕೇಳದೇ ಉಳಿದ ಆರ್ಡರ್

ದಾವಣಗೆರೆ ಭಾಗದಲ್ಲಿ ಪಿವಿಸಿ ಪೈಪ್ ಮಾರುವ ಒಬ್ಬ ಸೇಲ್ಸ್ ಆಫೀಸರ್‌ನ ಮೂರು ತಿಂಗಳ ಲೆಕ್ಕ ಒಂದು ಅಕ್ಟೋಬರ್‌ನಲ್ಲಿ ನನ್ನ ಮುಂದಿತ್ತು. ಜುಲೈನಿಂದ ಸೆಪ್ಟೆಂಬರ್‌ವರೆಗಿನ ಟಾರ್ಗೆಟ್ 45 ಲಕ್ಷ, ಆಗಿದ್ದು 33 ಲಕ್ಷ. ಹಿಂದಿನ ಮೂರು ತಿಂಗಳಲ್ಲೂ ಕೊರತೆಯೇ. ಆದರೆ ಆ ಲೈನಿನ ಯಾವ ಹಾರ್ಡ್‌ವೇರ್ ಅಂಗಡಿಗೆ ಹೋದರೂ ಮಾಲೀಕರು ಮೊದಲು ವಿಚಾರಿಸುತ್ತಿದ್ದುದು ಅವನನ್ನೇ.

ಇಂಥವರ ರಿವ್ಯೂ ಸಾಮಾನ್ಯವಾಗಿ ಹತ್ತು ನಿಮಿಷದಲ್ಲಿ ಮುಗಿದುಹೋಗುತ್ತದೆ. ‘ಡೀಲರುಗಳ ಜೊತೆ ಚೆನ್ನಾಗಿದ್ದೀರಿ, ಸಂತೋಷ, ಆದರೆ ನಂಬರ್ ಬರಬೇಕು’ ಎನ್ನುತ್ತಾರೆ ಮ್ಯಾನೇಜರು. ‘ಮುಂದಿನ ಸಲ ಮಾಡ್ತೀನಿ ಸಾರ್’ ಎನ್ನುತ್ತಾನೆ ಅವನು. ನಾನೂ ಹಾಗೇ ಮಾಡಿದ್ದೆ, ಹಿಂದಿನ ಜುಲೈಯಲ್ಲಿ. ಏನೂ ಬದಲಾಗಿರಲಿಲ್ಲ. ಹಾಗಾಗಿ ಈ ಬಾರಿ ಲೆಕ್ಕದ ಹಾಳೆಯನ್ನು ಎರಡು ದಿನ ಮೊದಲೇ ಅವನಿಗೆ ಕೊಟ್ಟು, ತಿಂಗಳ ಮೀಟಿಂಗಿನಲ್ಲಿ ಎಲ್ಲರೆದುರು ಕೆದಕದೆ, ಬೇರೆಯಾಗಿ ಒಂದು ಗಂಟೆ ಕೂತೆವು.

ಮೊದಲು ನೋಡಬೇಕಾದದ್ದು ಆ ಸಂಬಂಧ ನಿಜವೋ, ಉದ್ರಿಯ ಮೇಲೆ ನಿಂತದ್ದೋ ಎಂಬುದನ್ನು. ಬಾಕಿ ಪಟ್ಟಿ ಇದನ್ನು ಮುಚ್ಚಿಡುವುದಿಲ್ಲ. ನಮ್ಮಲ್ಲಿ 45 ದಿನದ ಉದ್ರಿ. ಹಣ ಕೇಳದೆ ಮಾಲು ಕೊಡುತ್ತಾ ಹೋಗುವವನೂ ಅಂಗಡಿಯವರಿಗೆ ಬಲು ಇಷ್ಟದವನೇ, ಆದರೆ ಅವನ ಪಟ್ಟಿಯಲ್ಲಿ 90 ದಿನ ದಾಟಿದ ಬಿಲ್ಲುಗಳು ಸಾಲುಗಟ್ಟಿರುತ್ತವೆ. ಈ ಹುಡುಗನ ಪಟ್ಟಿಯಲ್ಲಿ ಹೆಚ್ಚಿನ ಅಂಗಡಿಗಳು 35 ದಿನದೊಳಗೇ ಹಣ ಕಟ್ಟಿದ್ದವು. ಅಂದರೆ ನಂಬಿಕೆ ಗಟ್ಟಿಯಾಗಿಯೇ ಇತ್ತು.

ಆಮೇಲೆ 12 ಲಕ್ಷದ ಕೊರತೆಯನ್ನು ಬಿಡಿಸಿದೆವು. ಮಳೆಗಾಲದಲ್ಲಿ ಪೈಪ್ ವ್ಯಾಪಾರ ತಗ್ಗುತ್ತದೆ, ನಿಜ. ಆದರೆ ಟಾರ್ಗೆಟ್ ಹಾಕಿದ್ದು ಬೇಸಿಗೆಯ ಮಾರಾಟ ನೋಡಿಯಲ್ಲ, ಹಿಂದಿನ ವರ್ಷದ ಅದೇ ಮೂರು ತಿಂಗಳನ್ನು ನೋಡಿ. ಹಾಗಾಗಿ ಮಳೆಯನ್ನು ಕಾರಣವಾಗಿ ಒಪ್ಪಲಿಲ್ಲ. ಬಾಕಿ ಉಳಿದ ಆರ್ಡರುಗಳ ಪುಸ್ತಕ ತೆಗೆದಾಗ ಮಾತ್ರ ಬೇರೆ ಕಥೆ ಕಂಡಿತು. ಅವನು ತಂದಿದ್ದ 3 ಲಕ್ಷದ ಆರ್ಡರಿಗೆ ಗೋದಾಮಿನಲ್ಲಿ ಮಾಲೇ ಇರಲಿಲ್ಲ. ಅದು ನಮ್ಮ ತಪ್ಪು. ಹಾಗೆಂದು ಅವನೆದುರೇ ಬರೆದೆ. ಆ ಸಾಲು ಬರೆದ ಮೇಲೆಯೇ ಅವನು ಬಿಚ್ಚಿ ಮಾತಾಡತೊಡಗಿದ್ದು.

ಉಳಿದ 9 ಲಕ್ಷಕ್ಕೆ ನಾನು ಒಂದೇ ಪ್ರಶ್ನೆ ಇಟ್ಟುಕೊಂಡಿದ್ದೆ: ನಿನಗೆ ತೀರಾ ಬೇಕಾದ ಹತ್ತು ಅಂಗಡಿಗಳಲ್ಲಿ ಎಲ್ಲ ಕಂಪನಿಗಳದ್ದೂ ಸೇರಿ ಎಷ್ಟು ಪೈಪ್, ಫಿಟ್ಟಿಂಗ್ಸ್ ಹೋಗುತ್ತದೆ? ಸ್ನೇಹ ಇದ್ದುದರಿಂದಲೇ ಅವನಿಗೆ ಅದು ಗೊತ್ತಿತ್ತು. ಮೂರು ತಿಂಗಳಿಗೆ ಸುಮಾರು 80 ಲಕ್ಷ. ಅದರಲ್ಲಿ ನಮ್ಮದು 20 ಲಕ್ಷ, ಕಾಲು ಪಾಲು. ಪೈಪ್ ನಮ್ಮಲ್ಲಿ ಕೊಳ್ಳುತ್ತಿದ್ದರು. ಎಲ್ಬೊ, ಟೀ, ಕಪ್ಲರ್‌ಗಳನ್ನು ಇನ್ನೊಬ್ಬರಲ್ಲಿ.

‘ಯಾಕೆ ಕೇಳಲಿಲ್ಲ?’

‘ಕೇಳಿದ್ರೆ ಬೇಜಾರು ಮಾಡ್ಕೋತಾರೆ ಸಾರ್. ಇಷ್ಟು ದಿನ ಚೆನ್ನಾಗಿದೀವಿ.’

ಕೊರತೆಯ ಬೇರು ಇಲ್ಲಿತ್ತು. ಅವನು ಸೋಮಾರಿಯಲ್ಲ. ಪ್ರೀತಿಯಿಂದ ಚಹಾ ಕೊಡುವ ಅಂಗಡಿಗೆ ವಾರಕ್ಕೆರಡು ಸಲ ಹೋಗುತ್ತಿದ್ದ, ಹೋದಾಗ ಹಿಂದಿನ ಆರ್ಡರನ್ನೇ ಮತ್ತೆ ಬರೆದುಕೊಂಡು ಬರುತ್ತಿದ್ದ. ಇಲ್ಲ ಅನ್ನಿಸಿಕೊಳ್ಳುವ ಭಯಕ್ಕೆ ಅವನೇ ಸಂಬಂಧ ಎಂದು ಹೆಸರಿಟ್ಟಿದ್ದ.

ಇಂಥವನಿಗೆ ‘ಹೇಗಾದರೂ ಮಾಡಿ ನಂಬರ್ ತಾ’ ಅಂದರೆ ಅನಾಹುತ. ಡಿಸೆಂಬರ್ ಕೊನೆಯ ವಾರ ಅದೇ ಸ್ನೇಹಿತರ ಗೋದಾಮುಗಳಿಗೆ ಬೇಡದ ಮಾಲು ತುಂಬುತ್ತಾನೆ. ಅದು ಜನವರಿಯಲ್ಲಿ ವಾಪಸು ಬರುತ್ತದೆ, ಜೊತೆಗೆ ಅಷ್ಟು ವರ್ಷದ ನಂಬಿಕೆಯೂ ಹೋಗುತ್ತದೆ. ಆದ್ದರಿಂದ ನಾವು ಅರ್ಧ ಪುಟದಲ್ಲಿ ಬರೆದುಕೊಂಡದ್ದು ಇಷ್ಟೇ. ನಾಲ್ಕು ಅಂಗಡಿಗಳಲ್ಲಿ ಫಿಟ್ಟಿಂಗ್ಸ್ ಆರ್ಡರ್ ಕೇಳಬೇಕು. ಯಾವ ಅಂಗಡಿಯಲ್ಲಿ ಯಾವ ತಾರೀಕಿಗೆ ಎಂಬುದನ್ನೂ ಬರೆದೆವು. ಗೋದಾಮಿನಲ್ಲಿ ಮಾಲು ಇರುವಂತೆ ನೋಡಿಕೊಳ್ಳುವುದು ನನ್ನ ಕೆಲಸ. ಮೊದಲ ಎರಡು ಅಂಗಡಿಗೆ ನಾನೂ ಜೊತೆಗೆ ಹೋಗಬೇಕು, ಆದರೆ ಬಾಯಿ ಬಿಡಬಾರದು. ಮೇಲಿನವರು ಮಾತಾಡಿ ಆರ್ಡರ್ ಹಿಡಿದರೆ ಅವನು ಕೇಳಲು ಕಲಿಯುವುದಿಲ್ಲ.

ಮೊದಲ ಅಂಗಡಿಯಲ್ಲಿ ಅವನು ತಡವರಿಸುತ್ತಾ ಕೇಳಿದ. ಮಾಲೀಕರು ಬೇಜಾರು ಮಾಡಿಕೊಳ್ಳಲಿಲ್ಲ. ‘ನೀನು ಯಾವತ್ತೂ ಕೇಳ್ಲೇ ಇಲ್ಲವಲ್ಲಪ್ಪ, ನಿಮ್ಮಲ್ಲಿ ಮಾಲು ಇರಲ್ಲ ಅಂದ್ಕೊಂಡಿದ್ದೆ’ ಅಂದರು. ಎರಡನೆಯವರು ರೇಟು ಹೆಚ್ಚಾಯಿತೆಂದು ಬೇಡ ಅಂದರು, ಆದರೆ ಚಹಾ ತರಿಸಿದರು.

ಡಿಸೆಂಬರ್ ಕೊನೆಗೆ ನಾಲ್ಕರಲ್ಲಿ ಮೂರು ಅಂಗಡಿಗಳು ಫಿಟ್ಟಿಂಗ್ಸ್ ತೆಗೆದುಕೊಂಡಿದ್ದವು. ಟಾರ್ಗೆಟ್ ಪೂರ್ತಿ ಮುಟ್ಟಲಿಲ್ಲ. ಶೇಕಡಾ 73ರಲ್ಲಿದ್ದವನು 86ಕ್ಕೆ ಬಂದ. ಜನವರಿಯಲ್ಲಿ ಒಂದು ಪೆಟ್ಟಿಗೆಯೂ ವಾಪಸು ಬರಲಿಲ್ಲ.