ಬಾಳೆ ಎಲೆ ನುಂಗಿದ ಹಸಿರು ಬಳೆ

ಮದುವೆ ಆಲ್ಬಂನ ಮುಖಪುಟಕ್ಕೆ ಒಂದು ಫೋಟೊ ಸಿದ್ಧಪಡಿಸುತ್ತಿದ್ದೆ. ಬಾಳೆಕಂಬ ಕಟ್ಟಿದ ಮಂಟಪದ ಮುಂದೆ ಮದುಮಗಳು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾಳೆ. ಹಿಂದಿನ ಗಲಾಟೆಯೆಲ್ಲ ತೆಗೆದು ಕಡುಗೆಂಪು ಹಿನ್ನೆಲೆ ಹಾಕಿಕೊಡಿ ಎಂದು ಮನೆಯವರು ಕೇಳಿದ್ದರು. ಫೋಟೊಶಾಪ್‌ನಲ್ಲಿ Select > Subject ಒತ್ತಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಹುಡುಗಿಯ ಸುತ್ತ ಚುಕ್ಕಿಗೆರೆ ಓಡಾಡತೊಡಗಿತು. ಕೆಲಸ ಮುಗಿಯಿತು ಅಂದುಕೊಂಡು ಹಿಗ್ಗಿಸಿ ನೋಡಿದರೆ, ಕೈಯಲ್ಲಿದ್ದ ಹಸಿರು ಗಾಜಿನ ಬಳೆಗಳಲ್ಲಿ ಎರಡು ಅರ್ಧಕ್ಕೇ ಕಟ್ಟಾಗಿದ್ದವು.

2018ರಲ್ಲಿ ಬಂದ ಈ ಸೌಲಭ್ಯ ಚಿತ್ರವನ್ನು ನಮ್ಮಂತೆ ಅರ್ಥಮಾಡಿಕೊಳ್ಳುವುದಿಲ್ಲ. ಅಸಂಖ್ಯ ಚಿತ್ರಗಳಿಂದ ಕಲಿತ ರೂಢಿಯ ಮೇಲೆ ಇದು ಮನುಷ್ಯ, ಇದು ಹಿನ್ನೆಲೆ ಎಂದು ಊಹಿಸುತ್ತದೆ. ಬಣ್ಣವೋ ಬೆಳಕೋ ಬದಲಾಗುವ ಕಡೆ ಊಹೆ ಸರಿಹೋಗುತ್ತದೆ. ಹಸಿರು ಬಳೆಯ ಹಿಂದೆ ಹಸಿರು ಬಾಳೆ ಎಲೆ ಇದ್ದರೆ ಅಂಚೇ ಕಾಣದು, ಬಳೆಯೂ ಎಲೆಯ ಪಾಲಾಗುತ್ತದೆ.

ಹಾಗಾಗಿ ಮೊದಲ ಆಯ್ಕೆಯನ್ನು ಕರಡು ಎಂದುಕೊಳ್ಳಬೇಕು. ದೊಡ್ಡ ತಪ್ಪುಗಳನ್ನು ತಿದ್ದಲು Object Selection ಇದೆ. Shift ಒತ್ತಿಹಿಡಿದು ಬಿಟ್ಟುಹೋದ ಭಾಗದ ಸುತ್ತ ಸಡಿಲವಾಗಿ ಗೆರೆ ಎಳೆದರೆ ಅದು ಆಯ್ಕೆಗೆ ಸೇರುತ್ತದೆ. Alt ಒತ್ತಿಹಿಡಿದು ಎಳೆದರೆ ಕಳೆಯುತ್ತದೆ. ಮದುಮಗಳ ಮೊಣಕೈ ಮತ್ತು ಸೊಂಟದ ನಡುವಿನ ತ್ರಿಕೋನದಲ್ಲಿ ಎಲೆಯ ತುಂಡೊಂದು ಉಳಿದುಕೊಂಡಿತ್ತು. Alt ಹಿಡಿದು ಅಲ್ಲಿ ಸುತ್ತಿದೆ, ಹೋಯಿತು. ಬಳೆಗಳು ಮಾತ್ರ ಎರಡು ಸಲ ಪ್ರಯತ್ನಿಸಿದರೂ ಬರಲಿಲ್ಲ. ಎರಡು ಸಲಕ್ಕೆ ಬಾರದ್ದು ಮೂರನೆಯ ಸಲಕ್ಕೂ ಬರುವುದು ಅಪರೂಪ. ಅದನ್ನು ಕೈಗೆ ಬಿಡುವುದೇ ಲೇಸು.

ಆಮೇಲೆ ಕೂದಲಿನ ಸರದಿ. ಹಣೆಯ ಬಳಿಯ ಬಿಡಿ ಎಳೆಗಳಿಗೆ ಒಂದು ಖಚಿತ ಗೆರೆಯಿಲ್ಲ. Select and Mask ತೆರೆದು, Refine Edge Brush ಹಿಡಿದು ಆ ಎಳೆಗಳ ಮೇಲಷ್ಟೇ ಸವರಿದೆ. ಇದೇ ಬ್ರಷ್ ಕೆನ್ನೆಗೋ ಜುಮುಕಿಗೋ ತಾಗಿದರೆ ಅಂಚು ಮಬ್ಬಾಗಿ, ಇಲಿ ಕಡಿದಂತೆ ಕಾಣುತ್ತದೆ. ಎಳೆಗಳ ನಡುವೆ ಉಳಿದ ಹಸಿರು ಛಾಯೆಗೆ Decontaminate Colors ಬಳಸಿದೆ. ಅದು ಚಿತ್ರದ ಬಣ್ಣವನ್ನೇ ಬದಲಿಸುವುದರಿಂದ ಫಲಿತಾಂಶ ಮಾಸ್ಕ್ ಸಮೇತ ಹೊಸ ಲೇಯರ್‌ನಲ್ಲಿ ಬರುತ್ತದೆ, ಮೂಲ ಹಾಗೇ ಇರುತ್ತದೆ.

ಮಾಸ್ಕ್ ಅಂದರೆ ಲೇಯರ್ ಮೇಲೆ ಹೊದಿಸಿದ ಕಪ್ಪು-ಬಿಳುಪಿನ ಪರದೆ. ಬಿಳಿ ಇರುವಲ್ಲಿ ಚಿತ್ರ ಕಾಣುತ್ತದೆ, ಕಪ್ಪಿರುವಲ್ಲಿ ಮರೆಯಾಗುತ್ತದೆ, ಬೂದು ಇರುವಲ್ಲಿ ಅರೆಬರೆ ಕಾಣುತ್ತದೆ. ಏನೂ ಅಳಿಸಿಹೋಗಿರುವುದಿಲ್ಲ. ಕಟ್ಟಾದ ಬಳೆ ಪರದೆಯ ಹಿಂದೆ ಹಾಗೇ ಇತ್ತು. ಮಾಸ್ಕ್ ಮೇಲೆ ಕ್ಲಿಕ್ಕಿಸಿ, ಚಿತ್ರವನ್ನು 200 ಪ್ರತಿಶತಕ್ಕೆ ಹಿಗ್ಗಿಸಿ, ಬಳೆಗಿಂತ ಸಣ್ಣದಾದ ಗಟ್ಟಿ ಅಂಚಿನ ಬ್ರಷ್‌ನಿಂದ ಬಿಳಿ ಬಳಿಯುತ್ತ ಹೋದೆ. ಬಳೆ ಮರಳಿ ಬಂತು. ಗೆರೆ ದಾಟಿ ಎಲೆ ಇಣುಕಿದರೆ X ಒತ್ತಿದರಾಯಿತು, ಬಿಳಿ ಕಪ್ಪಾಗುತ್ತದೆ, ಅಲ್ಲಿಗೆ ಬಳಿದರೆ ಎಲೆ ಮರೆ. ಗಾಜಿಗೆ, ಲೋಹಕ್ಕೆ ಮೆತ್ತನೆಯ ಬ್ರಷ್ ಹಿಡಿದರೆ ಸುತ್ತ ಮಂಜು ಕವಿದಂತಾಗುತ್ತದೆ.

ತೆಳುವಾದ ಸೆರಗು ಕೊನೆಯ ತೊಡಕು. ಅದು ಪೂರ್ತಿ ಕಂಡರೆ ಹಿಂದಿನ ಎಲೆಯೂ ಕಾಣುತ್ತದೆ, ಪೂರ್ತಿ ಮರೆಯಾದರೆ ಸೆರಗೇ ಇಲ್ಲ. ಬ್ರಷ್‌ನ Opacity 40ರ ಸುಮಾರಿಗೆ ಇಳಿಸಿ ಕಪ್ಪನ್ನು ತೆಳುವಾಗಿ ಬಳಿದೆ. ಕೆಂಪು ಹಿನ್ನೆಲೆ ಬಟ್ಟೆಯ ಮೂಲಕ ಹಾಯತೊಡಗಿತು. ಉಳಿದ ಹಸಿರನ್ನು Hue/Saturation ಲೇಯರ್ ಹಾಕಿ, ಸೆರಗಿಗಷ್ಟೇ ಸೀಮಿತಗೊಳಿಸಿ ತಗ್ಗಿಸಿದೆ. ಹಾಗೆ ಸೀಮಿತಗೊಳಿಸದಿದ್ದರೆ ಬಳೆಗಳೂ ಬಣ್ಣಗೆಡುತ್ತಿದ್ದವು. ಆದರೆ ಬಟ್ಟೆಯ ಒಳಗಿಂದ ಎಲೆಯ ನರಗಳೇ ಸ್ಪಷ್ಟವಾಗಿ ಕಾಣುತ್ತಿದ್ದರೆ ಮಾಸ್ಕ್‌ನಿಂದ ಪರಿಹಾರವಿಲ್ಲ. ಮಾಸ್ಕ್‌ಗೆ ಮರೆಮಾಡಲು ಬರುತ್ತದೆ, ಬೆರೆತದ್ದನ್ನು ಬಿಡಿಸಲು ಬಾರದು.

ತಪ್ಪು ಪತ್ತೆಗೆ ಎರಡು ಪರೀಕ್ಷೆ ಸಾಕು. ಕೆಳಗೆ ಒಮ್ಮೆ ಕಪ್ಪು, ಒಮ್ಮೆ ಬಿಳಿ ಲೇಯರ್ ಇಟ್ಟು ನೋಡಿ; ಬೆಳಕಿನ ಅಂಚು ಕಪ್ಪಿನ ಮೇಲೆ, ಗಾಢ ಅಂಚು ಬಿಳಿಯ ಮೇಲೆ ಸಿಕ್ಕಿಬೀಳುತ್ತದೆ. ಆಮೇಲೆ Alt ಒತ್ತಿ ಮಾಸ್ಕ್‌ನ ಪುಟ್ಟ ಚಿತ್ರದ ಮೇಲೆ ಕ್ಲಿಕ್ಕಿಸಿದರೆ ಪರದೆ ಮಾತ್ರ ಕಾಣುತ್ತದೆ. ಮೈಯ ಬಿಳಿಯಲ್ಲಿ ಕಪ್ಪು ಚುಕ್ಕೆ ಇದ್ದರೆ ಅದು ತೂತು, ಸುತ್ತಲಿನ ಕಪ್ಪಿನಲ್ಲಿ ಬಿಳಿ ಚುಕ್ಕೆ ಇದ್ದರೆ ಉಳಿದ ಕಸ. ಈ ಫೋಟೊದ ಜಡೆಯ ಮಲ್ಲಿಗೆಯಲ್ಲಿ ಅಂಥ ಮೂರು ತೂತು ಸಿಕ್ಕವು. ಫೋಟೊ ನೋಡಿದಾಗ ಒಂದೂ ಕಂಡಿರಲಿಲ್ಲ.

ಆಲ್ಬಂ ಕೈಗಿತ್ತಾಗ ಹುಡುಗಿಯ ಅಜ್ಜಿ ಹಿನ್ನೆಲೆಯ ಕೆಂಪನ್ನು ನೋಡಲೇ ಇಲ್ಲ. ಮೊಮ್ಮಗಳ ಕೈಮೇಲೆ ಬೆರಳಿಟ್ಟು ಒಂದೊಂದಾಗಿ ಬಳೆ ಎಣಿಸಿದರು.