ಈ ಮಾತು ಯಾರದು?

ಕನ್ನಡದಲ್ಲಿ ಕತೆ ಸಿನಿಮಾ ಆಗುವುದು ರೂಢಿ. ಅನಂತಮೂರ್ತಿಯವರ ಕತೆಯಿಂದ ಗಿರೀಶ ಕಾಸರವಳ್ಳಿಯವರು 1977ರಲ್ಲಿ ‘ಘಟಶ್ರಾದ್ಧ’ ಮಾಡಿದರು. ಚಿತ್ರಕಥೆಯನ್ನು ಕತೆಯಾಗಿಸುವ ಕೆಲಸ ನಮ್ಮಲ್ಲಿ ಕಡಿಮೆ. ಹಾಲಿವುಡ್‌ನಲ್ಲಿ ಅದೊಂದು ಕಸುಬೇ ಆಗಿದೆ. ‘ಸ್ಟಾರ್ ವಾರ್ಸ್’ ಚಿತ್ರ ಬಿಡುಗಡೆಯಾದದ್ದು 1977ರಲ್ಲಿ, ಅದರ ಕಾದಂಬರಿ ಅಂಗಡಿಗೆ ಬಂದದ್ದು 1976ರಲ್ಲಿ. ಮುಖಪುಟದಲ್ಲಿ ಜಾರ್ಜ್ ಲ್ಯೂಕಾಸ್ ಹೆಸರಿದ್ದರೂ ಬರೆದವರು ಅಲನ್ ಡೀನ್ ಫಾಸ್ಟರ್. ಸಿನಿಮಾ ತೆರೆಗೆ ಬರುವ ಮೊದಲೇ ಚಿತ್ರಕಥೆಯನ್ನು ಗದ್ಯವಾಗಿಸುವ ಕೆಲಸ ಅದು.

ಈ ಕೆಲಸದಲ್ಲಿ ವರ್ಣನೆಗಿಂತ ಹೆಚ್ಚು ಕಾಡುವುದು ಮಾತು. ತೆರೆಯ ಮೇಲೆ ಮುಖ, ದನಿ ಎರಡೂ ಇರುವುದರಿಂದ ಯಾರು ಆಡಿದರು ಎಂದು ಯಾರೂ ಕೇಳುವುದಿಲ್ಲ. ಚಿತ್ರಕಥೆಯಲ್ಲಿ ಪ್ರತಿ ಮಾತಿನ ತಲೆಯ ಮೇಲೆ ಹೆಸರಿರುತ್ತದೆ. ಗದ್ಯಕ್ಕೆ ಬಂದೊಡನೆ ಮುಖವೂ ಹೋಯಿತು, ಹೆಸರಿನ ಪಟ್ಟಿಯೂ ಹೋಯಿತು. ಆ ಪಟ್ಟಿ ಮಾಡುತ್ತಿದ್ದ ಕೆಲಸವನ್ನು ವಾಕ್ಯಗಳೇ ಮಾಡಬೇಕು.

ಅಭ್ಯಾಸಕ್ಕೆಂದು ಕಟ್ಟಿದ ಒಂದು ಪುಟ್ಟ ದೃಶ್ಯ ನೋಡಿ.

ದೃಶ್ಯ 14. ಒಳಾಂಗಣ. ಅಡುಗೆಮನೆ. ರಾತ್ರಿ.
ಶೈಲಾ (35) ಪಾತ್ರೆ ತೊಳೆಯುತ್ತಿದ್ದಾಳೆ. ಅಮ್ಮ ನೆಲದ ಮೇಲೆ ಕೂತು ಹುರುಳಿಕಾಯಿ ಬಿಡಿಸುತ್ತಿದ್ದಾರೆ. ಬಾಗಿಲಲ್ಲಿ ವೀಣಾ (28), ಹೆಗಲಲ್ಲಿ ಬ್ಯಾಗು.
ಅಮ್ಮ: ಊಟ ಆಯ್ತಾ?
ವೀಣಾ: ಬಸ್ಸಲ್ಲೇ ತಿಂದೆ.
ಶೈಲಾ (ತಿರುಗದೆ): ಬಸ್ಸಲ್ಲಿ ಏನು ಸಿಗತ್ತೆ?
ವೀಣಾ: ಮನೆ ಮಾರ್ತೀರಂತೆ.
ನಲ್ಲಿ ನಿಲ್ಲುತ್ತದೆ.
ಶೈಲಾ: ಯಾರು ಹೇಳಿದ್ದು?
ಅಪ್ಪ (ತೆರೆಯಾಚೆಯಿಂದ): ನಾನೇ ಹೇಳಿದೆ.
ಅಮ್ಮ: ನೀವು ಸುಮ್ನಿರಿ.

ಒಟ್ಟು ಏಳು ಮಾತು, ನಾಲ್ಕು ಜನ. ಹೊಸಬರು ಹೆಸರು ಅಳಿಸಿ, ಪ್ರತಿ ಮಾತಿಗೂ ‘ಎಂದಳು’ ಅಂಟಿಸಿ ಮುಗಿಸುತ್ತಾರೆ. ಕನ್ನಡದ ಕ್ರಿಯಾಪದ ಲಿಂಗ, ವಚನ, ಗೌರವ ಮೂರನ್ನೂ ಹೊತ್ತು ತರುವುದರಿಂದ ಅಷ್ಟೇ ಸಾಕೆಂಬ ಭ್ರಮೆ ಹುಟ್ಟುತ್ತದೆ. ಗಂಡ ಹೆಂಡತಿ ಇಬ್ಬರೇ ಮಾತಾಡುವ ದೃಶ್ಯದಲ್ಲಿ ‘ಎಂದ’, ‘ಎಂದಳು’ ಸಾಕು ಅನ್ನುವುದು ನಿಜ. ಇಲ್ಲಿ ಅಕ್ಕ ತಂಗಿ ಇಬ್ಬರೂ ‘ಎಂದಳು’, ಅಪ್ಪ ಅಮ್ಮ ಇಬ್ಬರೂ ‘ಎಂದರು’. “ಮನೆ ಮಾರ್ತೀರಂತೆ” ಎಂಬ ಮಾತು ಶೈಲಾಳದೆಂದು ಓದುಗ ಒಮ್ಮೆ ತಿಳಿದರೆ ಕತೆಯೇ ತಿರುಗಿಬೀಳುತ್ತದೆ. ಮನೆಯಲ್ಲೇ ಇರುವವಳಿಗೆ ಸುದ್ದಿ ಗೊತ್ತಿರಲಿಲ್ಲ, ಊರಿಂದ ಬಂದವಳು ಬಚ್ಚಿಟ್ಟಿದ್ದಳು ಎಂದಾಗುತ್ತದೆ. ಕೊನೆಯ ಮಾತೂ ಅಷ್ಟೇ. ಅಪ್ಪನಿಗೆ ಮಕ್ಕಳೂ ‘ನೀವು’ ಅನ್ನುವ ಮನೆಯಾದರೆ “ನೀವು ಸುಮ್ನಿರಿ” ಎಂದು ಗದರಿದ್ದು ಮಗಳೂ ಆಗಿರಬಹುದು.

ಇನ್ನೊಂದು ತೊಡಕು ಕನ್ನಡದ ವಾಕ್ಯಕ್ರಮದ್ದು. ನಮ್ಮಲ್ಲಿ ‘ಎಂದಳು’ ಬರುವುದು ಸಾಮಾನ್ಯವಾಗಿ ಮಾತು ಮುಗಿದ ಮೇಲೆ. ಮಾತು ನಾಲ್ಕು ಪದದ್ದಾದರೆ ಚಿಂತೆಯಿಲ್ಲ. ಐದಾರು ಸಾಲಿನದಾದರೆ ಓದುಗ ಅಷ್ಟು ದೂರವೂ ತಪ್ಪು ಮುಖ ಕಲ್ಪಿಸಿಕೊಂಡು ಬಂದು, ಕೊನೆಗೆ ತಿದ್ದಿಕೊಳ್ಳಬೇಕು. ಉದ್ದದ ಮಾತಿಗೆ ಹೆಸರು ಮುಂಚೆಯೇ ಬರಲಿ, ಇಲ್ಲವೆ ಮೊದಲ ತುಂಡು ವಾಕ್ಯದ ಬೆನ್ನಿಗೇ ಬರಲಿ.

ಈಗ ಅದೇ ದೃಶ್ಯ ಗದ್ಯದಲ್ಲಿ:

ಶೈಲಾ ಸಿಂಕಿನ ಮುಂದೆ ನಿಂತು ಪಾತ್ರೆ ತೊಳೆಯುತ್ತಿದ್ದಳು. ನೆಲದ ಮೇಲೆ ಕೂತು ಹುರುಳಿಕಾಯಿ ಬಿಡಿಸುತ್ತಿದ್ದ ಅಮ್ಮ, ಬಾಗಿಲಲ್ಲಿ ವೀಣಾಳನ್ನು ಕಂಡು, “ಊಟ ಆಯ್ತಾ?” ಎಂದರು.

“ಬಸ್ಸಲ್ಲೇ ತಿಂದೆ.” ವೀಣಾ ಬ್ಯಾಗನ್ನು ಹೆಗಲಿಂದ ಇಳಿಸಲಿಲ್ಲ.

ಶೈಲಾ ತಿರುಗದೆಯೇ, “ಬಸ್ಸಲ್ಲಿ ಏನು ಸಿಗತ್ತೆ?” ಎಂದಳು.

“ಮನೆ ಮಾರ್ತೀರಂತೆ,” ಎಂದಳು ವೀಣಾ.

ಶೈಲಾ ನಲ್ಲಿ ನಿಲ್ಲಿಸಿದಳು. “ಯಾರು ಹೇಳಿದ್ದು?”

“ನಾನೇ ಹೇಳಿದೆ.” ಹಜಾರದಿಂದ ಅಪ್ಪನ ದನಿ ಬಂತು.

“ನೀವು ಸುಮ್ನಿರಿ,” ಎಂದರು ಅಮ್ಮ, ಕೈಯಲ್ಲಿದ್ದ ಕಾಯಿಯಿಂದ ಕಣ್ಣು ತೆಗೆಯದೆ.

ಚಿತ್ರಕಥೆಯ ‘ತೊಳೆಯುತ್ತಿದ್ದಾಳೆ’ ಇಲ್ಲಿ ‘ತೊಳೆಯುತ್ತಿದ್ದಳು’ ಆಗಿದೆ. ವಯಸ್ಸಿನ ಅಂಕಿ, ದೃಶ್ಯದ ನಂಬರು ಬಿದ್ದುಹೋಗಿವೆ. ಮಾತಿನ ಒಂದಕ್ಷರವೂ ಬದಲಾಗಿಲ್ಲ. ಎರಡು ಕಡೆ ‘ಎಂದಳು’ ಇಲ್ಲದೆ, ಮಾತಿನ ಪಕ್ಕದ ಕೆಲಸವೇ ಆಡಿದವರನ್ನು ತೋರಿಸುತ್ತದೆ. ಇದಕ್ಕೊಂದು ಕಟ್ಟುಪಾಡಿದೆ: ಮಾತೂ ಕೆಲಸವೂ ಒಂದೇ ಪ್ಯಾರಾದಲ್ಲಿರಬೇಕು, ಒಬ್ಬರವೇ ಆಗಿರಬೇಕು. “ಮನೆ ಮಾರ್ತೀರಂತೆ” ಎಂಬ ಮಾತಿನ ಪಕ್ಕದಲ್ಲೇ, ಅದೇ ಪ್ಯಾರಾದಲ್ಲಿ ಶೈಲಾ ನಲ್ಲಿ ನಿಲ್ಲಿಸಿಬಿಟ್ಟರೆ ಮಾತು ಅವಳ ಪಾಲಾಗುತ್ತದೆ. ನಾನು ನೋಡಿದ ಕರಡುಗಳಲ್ಲಿ ಅತಿ ಹೆಚ್ಚು ಗೊಂದಲ ಹುಟ್ಟುವುದು ಇಲ್ಲೇ.

‘ನಲ್ಲಿ ನಿಲ್ಲುತ್ತದೆ’ ಎಂಬಲ್ಲಿ ಕರ್ತೃ ನಲ್ಲಿ. ತೆರೆಯ ಮೇಲೆ ಕೈ ಕಾಣುತ್ತದೆ, ಹಾಗಾಗಿ ನಡೆಯುತ್ತದೆ. ಗದ್ಯದಲ್ಲಿ ಕೈ ಯಾರದೆಂದು ಹೇಳಿದ್ದಕ್ಕೇ ಮುಂದಿನ ಪ್ರಶ್ನೆಗೆ ಬೇರೆ ಗುರುತು ಬೇಕಾಗಲಿಲ್ಲ. ಆವರಣದೊಳಗಿನ ಸೂಚನೆಗಳಲ್ಲಿ ‘ತಿರುಗದೆ’ಯಂಥವು ಕಣ್ಣಿಗೆ ಕಾಣುವಂಥವು, ಹಾಗೆಯೇ ಇಳಿಸಬಹುದು. ‘ಕೋಪದಿಂದ’, ‘ವ್ಯಂಗ್ಯವಾಗಿ’ ಎಂಬವು ನಟರಿಗೆ ಹೇಳಿದ್ದು. ಅವನ್ನು ಪ್ರತಿ ‘ಎಂದಳು’ವಿನ ಹಿಂದೆ ಕಟ್ಟುತ್ತ ಹೋದರೆ ಗದ್ಯ ನಾಟಕದ ತಾಲೀಮಿನಂತೆ ಕೇಳಿಸುತ್ತದೆ. ‘ತೆರೆಯಾಚೆಯಿಂದ’ ಎಂಬುದಕ್ಕೆ ಗದ್ಯದಲ್ಲಿ ಅರ್ಥವೇ ಇಲ್ಲ, ತೆರೆಯೇ ಇಲ್ಲವಲ್ಲ. ಅದಕ್ಕೆ ಜಾಗ ಕೊಡಬೇಕು: ಹಜಾರ.

ಅದೇ ದೃಶ್ಯವನ್ನು ವೀಣಾಳ ಬಾಯಿಂದಲೇ ಹೇಳಿಸಿ ನೋಡಿ. ಅವಳ ಮಾತುಗಳಿಗೆ ‘ಎಂದೆ’ ಬರುತ್ತದೆ, ಅಕ್ಕನಿಗೆ ‘ಎಂದಳು’, ಹಿರಿಯರಿಗೆ ‘ಎಂದರು’. ಅಕ್ಕ ತಂಗಿಯರ ನಡುವಿನ ಗೊಂದಲ ಒಂದೇ ಏಟಿಗೆ ಹೋಯಿತು. ಉಳಿದದ್ದು ಅಪ್ಪ ಅಮ್ಮನ ನಡುವಿನದು. ಅಮ್ಮನನ್ನು ಏಕವಚನದಲ್ಲಿ ಕರೆಯುವ ಮನೆಯೆಂದು ಕತೆ ಮೊದಲೇ ಒಪ್ಪಿದ್ದರೆ ಆ ಗಂಟು ಬಿಚ್ಚಿ ಅಕ್ಕ ಅಮ್ಮನ ನಡುವೆ ಹೊಸ ಗಂಟು ಬೀಳುತ್ತದೆ. ಪಾತ್ರಗಳಿಗೆ ಕೊಡುವ ಗೌರವವನ್ನು ಮೊದಲ ಸಾಲಿಗೆ ಮುಂಚೆಯೇ ತೀರ್ಮಾನಿಸಿ, ಕೊನೆಯವರೆಗೆ ಬದಲಿಸದಿರುವುದು ಈ ಕಾರಣಕ್ಕೆ. ಅಮ್ಮ ಒಂದು ಪುಟದಲ್ಲಿ ‘ಎಂದರು’, ಇನ್ನೊಂದರಲ್ಲಿ ‘ಎಂದಳು’ ಆದರೆ ಓದುಗ ಮೂರನೆಯ ಹೆಂಗಸನ್ನು ಹುಡುಕುತ್ತಾನೆ. ಆದರೆ ವೀಣಾಳಿಂದ ಹೇಳಿಸಿದ ಮೇಲೆ ಅವಳಿಲ್ಲದ ದೃಶ್ಯಗಳನ್ನು ಹೇಳಲು ಆಗುವುದಿಲ್ಲ ಎಂಬ ನಷ್ಟವೂ ಉಂಟು.

ಪರೀಕ್ಷೆ ಸುಲಭ. ಗದ್ಯದ ಪ್ರತಿಯ ಅಂಚಿನಲ್ಲಿ, ಚಿತ್ರಕಥೆ ನೋಡದೆ, ಪ್ರತಿ ಮಾತಿನ ಎದುರು ಆಡಿದವರ ಮೊದಲ ಅಕ್ಷರ ಬರೆಯಿರಿ: ಅಮ್ಮ, ಅಪ್ಪ ಇಬ್ಬರಿಗೂ ‘ಅ’ ಬೀಳದಂತೆ ನೋಡಿಕೊಂಡರಾಯಿತು. ಬಳಿಕ ಚಿತ್ರಕಥೆಯ ಪಕ್ಕಕ್ಕಿಟ್ಟು ಸಾಲಾಗಿ ಹೋಲಿಸಿ. ಏಳಕ್ಕೆ ಏಳು, ಅದೇ ಕ್ರಮದಲ್ಲಿ ಬರಬೇಕು. ಆರೇ ಬಂದರೆ ಎಲ್ಲೋ ಇಬ್ಬರ ಮಾತು ಬೆಸೆದುಕೊಂಡಿದೆ. ಬರೆದವರಿಗಿಂತ ದೃಶ್ಯ ಗೊತ್ತಿಲ್ಲದವರು ಮಾಡಿದರೆ ಒಳ್ಳೆಯದು. ಬರೆದವರ ಕಿವಿಯಲ್ಲಿ ದನಿಗಳು ಇನ್ನೂ ಇರುತ್ತವೆ. ಅವರ ಪೆನ್ಸಿಲ್ ನಿಂತಲ್ಲಿ ಒಂದು ಹೆಸರು ಸೇರಿಸಿ. ಹೆಸರು ಪದೇ ಪದೇ ಬಂತಲ್ಲ ಎಂದು ‘ಉಸುರಿದಳು’, ‘ನುಡಿದಳು’, ‘ಉದ್ಗರಿಸಿದಳು’ ಎಂದು ಪದ ಬದಲಿಸುವುದು ಬೇಡ. ಅವುಗಳಿಂದ ಆಡಿದ್ದು ಯಾರೆಂದು ಒಂದಿಷ್ಟೂ ಹೆಚ್ಚು ತಿಳಿಯುವುದಿಲ್ಲ.

ಕಡೆಯದಾಗಿ, ಚಿತ್ರಕಥೆ ನಿಮ್ಮದಲ್ಲದಿದ್ದರೆ ಪ್ರಕಟಿಸುವ ಮೊದಲು ಹಕ್ಕುದಾರರ ಅನುಮತಿ ಪಡೆಯಿರಿ. ದೃಶ್ಯರೂಪದ ಕೃತಿಯನ್ನು ಗದ್ಯಕ್ಕೆ ತರುವುದನ್ನು 1957ರ ಕೃತಿಸ್ವಾಮ್ಯ ಕಾಯ್ದೆ ರೂಪಾಂತರವೆಂದೇ ಕರೆಯುತ್ತದೆ, ಆ ಹಕ್ಕು ಇರುವುದು ಕೃತಿಸ್ವಾಮ್ಯ ಉಳ್ಳವರಿಗೆ.