ಹಸಿ ಮೀನು ತಿಂದ ನರಿಗಳಿಗೆ ಏನಾಯಿತು

ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ 1930ರ ದಶಕದಲ್ಲಿ ತುಪ್ಪಳಕ್ಕಾಗಿ ನರಿ ಸಾಕುವ ಕಸುಬು ಚೆನ್ನಾಗಿ ನಡೆಯುತ್ತಿತ್ತು. ನರಿಗಳಿಗೆ ಮಾಂಸ, ಧಾನ್ಯದ ಹಿಟ್ಟುಗಳನ್ನು ಕಲಸಿದ ಮೇವು. ಮಾಂಸ ದುಬಾರಿ, ಕೆರೆ ಹೊಳೆಗಳ ಗೆಂಡೆ ಮೀನು ಅಗ್ಗ. ಹಾಗಾಗಿ ಹಸಿ ಗೆಂಡೆಯನ್ನು ತಲೆ, ಕರುಳು ಸಮೇತ ಅರೆದು ಮೇವಿಗೆ ಸೇರಿಸುವ ರೂಢಿ ಬಂತು. 1932ರಲ್ಲಿ ಚಾಸ್ಟೆಕ್ ಎಂಬುವರ ಸಾಕಣೆಯಲ್ಲಿ ನರಿಗಳು ಒಂದೊಂದಾಗಿ ಮೇವು ಬಿಡತೊಡಗಿದವು. ಮೊದಲು ಬಟ್ಟಲಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ಆಮೇಲೆ ನಡಿಗೆ ಬಿಗಿಯಾಗಿ, ಹಿಂಗಾಲು ತೊಡರಿ, ಓಲಾಡುತ್ತ ಬೀಳುತ್ತಿದ್ದವು. ಮುಟ್ಟಿದರೆ ನೋವಿನಿಂದ ಕಿರುಚುತ್ತಿದ್ದವು. ಕಾಲು ಸೋತ ಮೇಲೆ ಒಂದೆರಡು ದಿನಗಳಲ್ಲೇ ಸಾವು. ಈ ಕಾಯಿಲೆಗೆ ಆ ಸಾಕಣೆಯ ಹೆಸರೇ ಉಳಿದು 'ಚಾಸ್ಟೆಕ್ ಪಾರ್ಶ್ವವಾಯು' ಎಂದಾಯಿತು.

ಅದರ ಬೆನ್ನು ಹತ್ತಿದವರು ಮಿನ್ನೆಸೋಟ ವಿಶ್ವವಿದ್ಯಾಲಯದ ಆರ್. ಜಿ. ಗ್ರೀನ್ ಮತ್ತು ಅವರ ಸಂಗಡಿಗರು. ಒಂದೇ ಕಡೆ ಹಲವು ಪ್ರಾಣಿಗಳು ಹೀಗೆ ಬಿದ್ದರೆ ಯಾರಿಗಾದರೂ ಸೋಂಕಿನ ಅನುಮಾನ ಬರುತ್ತದೆ, ಇಲ್ಲವೇ ಮೇವಿನಲ್ಲಿ ವಿಷ ಬೆರೆತಿದೆ ಅನ್ನಿಸುತ್ತದೆ. ಆದರೆ ಕಾಯಿಲೆ ಬಿದ್ದ ಸಾಕಣೆಗಳಲ್ಲೆಲ್ಲ ಕಂಡದ್ದು ಹಸಿ ಮೀನು. ಮೇವಿನಲ್ಲಿ ಹತ್ತನೇ ಒಂದು ಪಾಲು ಹಸಿ ಗೆಂಡೆ ಇದ್ದರೂ ಸಾಕು, ಕೆಲವು ವಾರಗಳಲ್ಲಿ ನರಿಗಳು ಕಾಲು ಕಳೆದುಕೊಳ್ಳುತ್ತಿದ್ದವು. ಅದೇ ಮೀನನ್ನು ಬೇಯಿಸಿ ಹಾಕಿದರೆ ಏನೂ ಆಗುತ್ತಿರಲಿಲ್ಲ. ಸತ್ತ ನರಿಗಳ ಮೆದುಳನ್ನು ಸೀಳಿ ನೋಡಿದಾಗ, ಒಳಭಾಗದ ಬೂದು ಪದರದಲ್ಲಿ ಎಡಬಲ ಎರಡೂ ಕಡೆ ಒಂದೇ ತೆರನಾಗಿ ರಕ್ತ ಒಸರಿದ ಗುರುತುಗಳಿದ್ದವು. ಇಂಥದ್ದನ್ನು ಜರ್ಮನಿಯ ವೈದ್ಯ ಕಾರ್ಲ್ ವೆರ್ನಿಕೆ 1881ರಲ್ಲೇ ಮನುಷ್ಯರ ಮೆದುಳಿನಲ್ಲಿ ವಿವರಿಸಿದ್ದರು. ಹೆಚ್ಚಾಗಿ ಮಿತಿಮೀರಿ ಕುಡಿಯುವವರಲ್ಲಿ ಕಾಣುವ ಆ ಕಾಯಿಲೆಗೆ ಕಾರಣ ಥಯಾಮಿನ್, ಅಂದರೆ ಬಿ-1 ಜೀವಸತ್ವದ ಕೊರತೆ. ನರಿಗಳಿಗೆ ಬೇಗನೆ ಥಯಾಮಿನ್ ಚುಚ್ಚುಮದ್ದು ಕೊಟ್ಟರೆ ಅವೂ ಚೇತರಿಸಿಕೊಂಡವು.

ಇಲ್ಲೇ ಒಗಟು ಬಿಗಿಯಾದದ್ದು. ಕಲಸುವ ಮುಂಚೆ ಮೇವಿನ ಒಂದೊಂದು ಪದಾರ್ಥವನ್ನೂ ಬೇರೆಬೇರೆಯಾಗಿ ಲೆಕ್ಕ ಹಾಕಿದರೆ ಬಿ-1 ಬೇಕಾದಷ್ಟಿತ್ತು. ಮೀನು ಸೇರಿದ ಮೇಲೆ ಅದು ಮಾಯವಾಗುತ್ತಿತ್ತು. ಬರೀ ಕೊರತೆಯಾಗಿದ್ದರೆ ಇನ್ನಷ್ಟು ಜೀವಸತ್ವ ಬೆರೆಸಿದರೆ ಮುಗಿಯುತ್ತಿತ್ತು. ಇಲ್ಲಿ ಬೆರೆಸಿದ್ದೂ ಅದೇ ಮೀನಿನ ಕೈಗೆ ಸಿಗುತ್ತಿತ್ತು. ಹಸಿ ಮೀನಿನಲ್ಲಿ ಥಯಾಮಿನನ್ನು ಒಡೆಯುವ ಕಿಣ್ವವೊಂದಿದೆ ಎಂಬುದು 1940ರ ದಶಕದ ಆರಂಭದ ಪ್ರಯೋಗಗಳಲ್ಲಿ ಖಚಿತವಾಯಿತು. ಅದಕ್ಕೆ ಥಯಾಮಿನೇಸ್ ಎಂದು ಹೆಸರಿಟ್ಟರು.

ಥಯಾಮಿನ್ ಅಣುವಿನಲ್ಲಿ ಎರಡು ಉಂಗುರಗಳಿವೆ, ನಡುವೆ ಒಂದೇ ಒಂದು ಇಂಗಾಲದ ಕೊಂಡಿ. ಒಂದು ಉಂಗುರ ಪಿರಿಮಿಡಿನ್, ಇನ್ನೊಂದು ಥಯಜೋಲ್. ಎರಡೂ ಕೂಡಿದ್ದರಷ್ಟೇ ಅದು ಜೀವಸತ್ವ. ಮೀನು ಮತ್ತು ಜರಿಗಿಡಗಳಲ್ಲಿರುವ ಮೊದಲನೇ ಬಗೆಯ ಥಯಾಮಿನೇಸ್ ಆ ಕೊಂಡಿಯನ್ನು ಕಳಚಿ, ಥಯಜೋಲನ್ನು ಹೊರಗೆ ಹಾಕಿ, ಅದರ ಜಾಗಕ್ಕೆ ಸುತ್ತಮುತ್ತ ಸಿಕ್ಕ ಬೇರೊಂದು ಸಣ್ಣ ಅಣುವನ್ನು ಜೋಡಿಸುತ್ತದೆ. ಜೋಡೆತ್ತಿನಲ್ಲಿ ಒಂದನ್ನು ಬಿಚ್ಚಿ, ಗಾಡಿ ಎಳೆಯಲಾರದ ಇನ್ನಾವುದೋ ಪ್ರಾಣಿಯನ್ನು ನೊಗಕ್ಕೆ ಕಟ್ಟಿದ ಹಾಗೆ. ಹೀಗೆ ಜೋಡಿಸಲು ಹೊರಗಿನ ಅಣುವೊಂದು ಬೇಕೇ ಬೇಕು, ಇದು ಮುಂದೆ ಜರಿಗಿಡದ ಕಥೆಯಲ್ಲಿ ಮತ್ತೆ ಬರುತ್ತದೆ. ಕೆಲವು ಸೂಕ್ಷ್ಮಜೀವಿಗಳಲ್ಲಿ ಎರಡನೇ ಬಗೆಯ ಥಯಾಮಿನೇಸ್ ಇದೆ, ಅದು ನೀರನ್ನೇ ಬಳಸಿ ಕೊಂಡಿ ಕಳಚುತ್ತದೆ. ನಮ್ಮ ಕಥೆಗೆ ಮೊದಲನೆಯದೇ ಮುಖ್ಯ.

ಕಿಣ್ವವಾದ್ದರಿಂದ ಅದು ಕೆಲಸ ಮಾಡಿ ಖರ್ಚಾಗುವುದಿಲ್ಲ. ಒಂದು ಅಣುವನ್ನು ಒಡೆದು ಇನ್ನೊಂದಕ್ಕೆ ಹೋಗುತ್ತದೆ. ಒದ್ದೆ ಮೇವಿನ ಪಾತ್ರೆಯಲ್ಲೇ ಕೆಲಸ ಶುರು, ಬೆಚ್ಚಗಿನ ಹೊಟ್ಟೆಯಲ್ಲಿ ಮುಂದುವರಿಕೆ. ಥಯಾಮಿನ್ ರಕ್ತಕ್ಕೆ ಸೇರುವುದು ಸಣ್ಣ ಕರುಳಿನಲ್ಲಿ. ಅಲ್ಲಿಗೆ ಮುಟ್ಟುವಷ್ಟರಲ್ಲಿ ಹೆಚ್ಚಿನದು ತುಂಡಾಗಿರುತ್ತದೆ. ನರಿ ಸಾಕುವವರು ಕ್ರಮೇಣ ಒಂದು ಉಪಾಯ ಕಂಡುಕೊಂಡರು: ಹಸಿ ಮೀನನ್ನು ಕೆಲವು ದಿನ ಮಾತ್ರ ಹಾಕುವುದು, ನಡುವಿನ ದಿನಗಳಲ್ಲಿ ಮೀನಿಲ್ಲದ ಮೇವು ಮತ್ತು ಬಿ-1 ಕೊಡುವುದು. ಒಟ್ಟು ಮೀನು, ಒಟ್ಟು ಜೀವಸತ್ವ ಅಷ್ಟೇ ಇದ್ದರೂ ಎರಡೂ ಒಂದೇ ಹೊತ್ತಿಗೆ ಹೊಟ್ಟೆಯಲ್ಲಿ ಸೇರದಿದ್ದರೆ ನರಿ ಬದುಕುತ್ತಿತ್ತು. ನನಗೆ ಈ ಇಡೀ ಪ್ರಕರಣದಲ್ಲಿ ಇದಕ್ಕಿಂತ ಸ್ಪಷ್ಟವಾದ ಪುರಾವೆ ಬೇರೆ ಕಾಣದು.

ಇಷ್ಟು ಬೇಗ ಕಾಲು ಸೋಲುವುದೇಕೆ? ನಾವು ತಿಂದ ಪಿಷ್ಟ ಸಕ್ಕರೆಯಾಗಿ, ಜೀವಕೋಶದೊಳಗೆ ಶಕ್ತಿಯಾಗುವ ದಾರಿಯಲ್ಲಿ ಥಯಾಮಿನ್ ಇಲ್ಲದೆ ದಾಟಲಾಗದ ಹಂತಗಳಿವೆ. ಮೆದುಳು ಮತ್ತು ನರಗಳು ಮುಖ್ಯವಾಗಿ ಸಕ್ಕರೆಯನ್ನೇ ನಂಬಿಕೊಂಡಿರುವುದರಿಂದ ಮೊದಲ ಪೆಟ್ಟು ಅವಕ್ಕೆ. ಇನ್ನು, ಮೈಯಲ್ಲಿ ಇದರ ದಾಸ್ತಾನು ತೀರ ಕಡಿಮೆ. ಮನುಷ್ಯನ ಒಡಲಲ್ಲಿ ಒಟ್ಟು 30 ಮಿಲಿಗ್ರಾಂ ಆಸುಪಾಸು, ದಿನದ ಅಗತ್ಯ ಸುಮಾರು 1.2 ಮಿಲಿಗ್ರಾಂ. ಒಳಬರುವುದು ನಿಂತರೆ ಎರಡು ಮೂರು ವಾರಗಳಲ್ಲಿ ದಾಸ್ತಾನು ಕರಗಿಹೋಗುತ್ತದೆ.

ಜರಿಗಿಡದ ಕಥೆ ಆಸ್ಟ್ರೇಲಿಯಾದ್ದು. 1860ರಲ್ಲಿ ಮೆಲ್ಬರ್ನಿನಿಂದ ಹೊರಟು ಖಂಡವನ್ನು ದಕ್ಷಿಣದಿಂದ ಉತ್ತರಕ್ಕೆ ದಾಟಿದ ಬರ್ಕ್ ಮತ್ತು ವಿಲ್ಸ್, ಜೊತೆಗಾರ ಕಿಂಗ್ ಜೊತೆ 1861ರ ಏಪ್ರಿಲ್ 21ರಂದು ಕೂಪರ್ ಕ್ರೀಕ್ ಶಿಬಿರಕ್ಕೆ ಮರಳಿದಾಗ ಅಲ್ಲಿ ಯಾರೂ ಇರಲಿಲ್ಲ. ಕಾಯುತ್ತಿದ್ದ ತಂಡ ಅದೇ ಬೆಳಿಗ್ಗೆ ಹೊರಟುಹೋಗಿತ್ತು. ದಾಸ್ತಾನು ಮುಗಿದ ಮೇಲೆ ಅವರು ನೆಚ್ಚಿದ್ದು ನಾರ್ಡೂ ಎಂಬ ನೀರಿನ ಜರಿಗಿಡದ ಗಟ್ಟಿ ಕಾಯಿಗಳನ್ನು, ಅಂದರೆ ಬೀಜಕಣಗಳಿರುವ ಕೋಶಗಳನ್ನು. ನಮ್ಮ ಗದ್ದೆಗಳಲ್ಲಿ, ಕೆರೆಯಂಚಿನಲ್ಲಿ ನಾಲ್ಕು ಎಸಳಿನ ಎಲೆ ಹರಡಿಕೊಂಡು ಬೆಳೆಯುವ ಮಾರ್ಸಿಲಿಯಾ ಗಿಡದ್ದೇ ಕುಲ ಅದು. ಅಲ್ಲಿನ ಯಾಂಡ್ರುವಾಂಡ ಜನ ಇವರಿಗೆ ಮೀನನ್ನೂ ನಾರ್ಡೂವನ್ನೂ ಕೊಟ್ಟಿದ್ದರು. ಬರ್ಕ್ ಅವರೊಡನೆ ಸಂಬಂಧ ಕೆಡಿಸಿಕೊಂಡ ಮೇಲೆ ಈ ಮೂವರೇ ಕಾಯಿ ಆರಿಸಿ, ಕುಟ್ಟಿ ತಿನ್ನಬೇಕಾಯಿತು. ಹೊಟ್ಟೆ ತುಂಬ ತಿಂದರೂ ಕಾಲುಗಳಲ್ಲಿ ಬಲ ಇಳಿಯುತ್ತ ಹೋಯಿತು ಎಂಬುದು ವಿಲ್ಸ್ ದಿನಚರಿಯಿಂದ ತಿಳಿಯುತ್ತದೆ. ಬರ್ಕ್, ವಿಲ್ಸ್ ಇಬ್ಬರೂ ಜೂನ್ ಕೊನೆಯ ಹೊತ್ತಿಗೆ ತೀರಿಕೊಂಡರು. ಕಿಂಗ್ ಮರಳಿ ಯಾಂಡ್ರುವಾಂಡರ ಆಸರೆ ಸೇರಿ, ಅವರು ಕೊಟ್ಟದ್ದನ್ನು ತಿಂದು, ಸೆಪ್ಟೆಂಬರಿನಲ್ಲಿ ಹುಡುಕಿ ಬಂದ ತಂಡಕ್ಕೆ ಜೀವಂತವಾಗಿ ಸಿಕ್ಕ.

ನಾರ್ಡೂವಿನಲ್ಲಿ ಥಯಾಮಿನೇಸ್ ಹೇರಳವಾಗಿದೆ. 1994ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಜಾನ್ ಅರ್ಲ್ ಮತ್ತು ಬ್ಯಾರಿ ಮೆಕ್‌ಕ್ಲಿಯರಿ ಮಂಡಿಸಿದ ವಾದವೆಂದರೆ, ಆ ಇಬ್ಬರನ್ನು ಕೊಂದದ್ದು ಬರೀ ಹಸಿವಲ್ಲ, ಈ ಕಿಣ್ವ ತಂದ ಬೆರಿಬೆರಿ. ಯಾಂಡ್ರುವಾಂಡರು ಕಾಯಿಯನ್ನು ಧಾರಾಳ ನೀರಿನೊಂದಿಗೆ ಅರೆದು ತೆಳುವಾದ ಗಂಜಿಯಂತೆ ಮಾಡಿ, ಚಿಪ್ಪಿನಿಂದ ತಿನ್ನುತ್ತಿದ್ದರು. ನೀರು ಹೆಚ್ಚಾದಷ್ಟೂ ಕಿಣ್ವವೂ ಅದಕ್ಕೆ ಬೇಕಾದ ಜೊತೆ ಅಣುವೂ ತೆಳುವಾಗುತ್ತವೆ, ಕತ್ತರಿಸುವ ಕೆಲಸ ನಿಧಾನವಾಗುತ್ತದೆ. ಚಿಪ್ಪಿನ ಬದಲು ಎಲೆಯನ್ನು ಬಳಸಿದರೆ ಆ ಅಣುಗಳು ಎಲೆಯಿಂದಲೇ ಸಿಕ್ಕಿಬಿಡಬಹುದು ಎಂದೂ ಅವರು ಊಹಿಸಿದರು. ಇದನ್ನು ಎಲ್ಲರೂ ಒಪ್ಪಿಲ್ಲ, ಮೂವರಿಗೂ ಬೇರೆ ಪೋಷಕಾಂಶಗಳ ಕೊರತೆಯೂ ಇತ್ತು. ಆದರೆ ಕಿಣ್ವದ ಬಲದ ಬಗ್ಗೆ ಅನುಮಾನವಿಲ್ಲ: 1970ರ ದಶಕದ ನೆರೆಗಳ ನಂತರ ನ್ಯೂ ಸೌತ್ ವೇಲ್ಸ್‌ನಲ್ಲಿ ನಾರ್ಡೂ ಮೇದ ಕುರಿಗಳು ಮೆದುಳಿನ ಕಾಯಿಲೆಯಿಂದ ಬಿದ್ದವು, ಥಯಾಮಿನ್ ಚುಚ್ಚುಮದ್ದಿಗೆ ಹಲವು ಎದ್ದವು. ಮೆಲುಕು ಹಾಕುವ ಪ್ರಾಣಿಗಳ ಹೊಟ್ಟೆಯ ಸೂಕ್ಷ್ಮಜೀವಿಗಳೇ ಥಯಾಮಿನ್ ತಯಾರಿಸಿಕೊಡುತ್ತವೆ. ಆ ಆಸರೆಯನ್ನೂ ಮೀರಿಸುವಷ್ಟು ಕಿಣ್ವ ಅದರಲ್ಲಿತ್ತು. ಮೆಲುಕು ಹಾಕದ ಕುದುರೆಗೆ ಆ ರಕ್ಷಣೆಯೂ ಇಲ್ಲ. ಬ್ರ್ಯಾಕೆನ್ ಎಂಬ ಜರಿಗಿಡ ಒಣಹುಲ್ಲಿನಲ್ಲಿ ಬೆರೆತಿದ್ದರೂ ಕೆಲವು ವಾರಗಳಲ್ಲಿ ಅದು ತೂರಾಡುತ್ತದೆ. ಒಣಗಿದ ಮಾತ್ರಕ್ಕೆ ಕಿಣ್ವ ಸಾಯುವುದಿಲ್ಲ.

ಮೀನಿಗೆ ಈ ಕಿಣ್ವ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ, ಅದರ ಕರುಳಿನ ಬ್ಯಾಕ್ಟೀರಿಯಾಗಳಿಂದ ಎಂಬುದೇ ಬಹುಕಾಲದ ಉತ್ತರವಾಗಿತ್ತು. 2023ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಝೀಬ್ರಾಫಿಶ್‌ನ ಸ್ವಂತ ವಂಶವಾಹಿಯಲ್ಲೇ ಥಯಾಮಿನೇಸ್ ತಯಾರಿಸುವ ಸೂಚನೆ ಇರುವುದನ್ನು ತೋರಿಸಿತು. ಈ ಪುಟ್ಟ ಮೀನು ಭಾರತದ ತೊರೆಗಳದ್ದೇ. ಈ ಕಿಣ್ವದ ಪರಿಣಾಮ ತಿಂದವರಲ್ಲೇ ನಿಲ್ಲುವುದೂ ಇಲ್ಲ. ಉತ್ತರ ಅಮೆರಿಕದ ಮಹಾಸರೋವರಗಳಿಗೆ ಅಟ್ಲಾಂಟಿಕ್‌ನಿಂದ ಹೊಕ್ಕ ಏಲ್‌ವೈಫ್ ಎಂಬ ಮೀನಿನಲ್ಲಿ ಥಯಾಮಿನೇಸ್ ಹೆಚ್ಚು. ಅದನ್ನೇ ತಿಂದು ಬೆಳೆದ ಟ್ರೌಟ್, ಸಾಲ್ಮನ್‌ಗಳ ಮೊಟ್ಟೆಯಲ್ಲಿ ಬಿ-1 ಸಾಲದೆ, ಒಡೆದು ಬಂದ ಮರಿಗಳು ಸಮತೋಲ ತಪ್ಪಿ, ಸುರುಳಿ ಸುತ್ತುತ್ತ ಈಜಿ ಸಾಯುತ್ತಿದ್ದವು. ಮರಿಗಳನ್ನು ಥಯಾಮಿನ್ ಕರಗಿಸಿದ ನೀರಿನಲ್ಲಿ ಇರಿಸಿದರೆ ಚೇತರಿಸಿಕೊಳ್ಳುತ್ತಿದ್ದವು. ಕಾರಣ ಹಿಡಿದುಕೊಟ್ಟದ್ದೂ ಆ ಚೇತರಿಕೆಯೇ.

ಕರ್ನಾಟಕದಲ್ಲಿ ಸಾಕುವ ಸಾಮಾನ್ಯ ಗೆಂಡೆ ಮಿನ್ನೆಸೋಟದ ನರಿಗಳು ತಿಂದ ಜಾತಿಯದೇ. ಆದರೂ ನಮ್ಮ ಮನೆಗಳಲ್ಲಿ ಅದರಿಂದ ಭಯವಿಲ್ಲ, ಏಕೆಂದರೆ ನಾವು ಮೀನನ್ನು ಸಾರಿನಲ್ಲಿ ಕುದಿಸುತ್ತೇವೆ ಅಥವಾ ಹುರಿಯುತ್ತೇವೆ. ಮೀನಿನ ಕಿಣ್ವ ಪ್ರೋಟೀನು, ಕುದಿಯುವ ಶಾಖಕ್ಕೆ ಅದರ ಆಕಾರವೇ ಕೆಡುತ್ತದೆ. ಕೊಡಗಿನಲ್ಲಿ ಮಳೆಗಾಲದ ಎಳೆಯ ಜರಿ ಚಿಗುರನ್ನು, ಅಲ್ಲಿನವರ ತೆರ್ಮೆ ತೊಪ್ಪನ್ನು, ಬೇಯಿಸಿಯೇ ಪಲ್ಯ ಮಾಡುತ್ತಾರೆ. ಹಸಿಯಾಗಿ ಯಾವ ಜರಿಯನ್ನೂ ತಿನ್ನಬಾರದು. ಈಶಾನ್ಯ ಥಾಯ್ಲೆಂಡಿನಲ್ಲಿ ಮೀನನ್ನು ಬೇಯಿಸದೆ ಹುದುಗಿಸಿ ತಿನ್ನುವ ಊರುಗಳಲ್ಲಿ ಜನರ ಬಿ-1 ಮಟ್ಟದ ಮೇಲೆ ಅದರ ಪರಿಣಾಮವನ್ನು 1970ರ ದಶಕದಲ್ಲೇ ಅಳೆದು ನೋಡಿದ್ದರು. ಹುದುಗಿಸುವುದು ಬೇಯಿಸುವುದಕ್ಕೆ ಸಮವಲ್ಲ.

ನಮ್ಮಲ್ಲಿ ಎಚ್ಚರ ಬೇಕಾದದ್ದು ಸಾಕುಪ್ರಾಣಿಗಳ ವಿಷಯದಲ್ಲಿ. ಬೆಕ್ಕಿಗೆ ದಿನವೂ ಹಸಿ ಕೆರೆಮೀನು, ಆಮೆಗೆ ಅಥವಾ ಅಕ್ವೇರಿಯಮ್ಮಿನ ಬೇಟೆಗಾರ ಮೀನಿಗೆ ಅಂಗಡಿಯ ಅಗ್ಗದ ಗೋಲ್ಡ್‌ಫಿಶ್ ಹಾಕುವವರಿದ್ದಾರೆ. ಗೋಲ್ಡ್‌ಫಿಶ್ ಗೆಂಡೆಯ ನೆಂಟನೇ, ಅದರಲ್ಲೂ ಥಯಾಮಿನೇಸ್ ಇದೆ. ಫ್ರೀಜರಿನಲ್ಲಿಟ್ಟು ಕರಗಿಸಿ ಹಾಕಿದರೂ ಕಿಣ್ವ ಸಾಯುವುದಿಲ್ಲ. ಬೆಕ್ಕು ಮೊದಲು ಊಟ ಬಿಡುತ್ತದೆ, ಆಮೇಲೆ ಓಲಾಡುತ್ತದೆ, ಕಣ್ಣಿನ ಪಾಪೆ ಅಗಲವಾಗುತ್ತದೆ, ಕತ್ತು ಕೆಳಕ್ಕೆ ಬಾಗಿ ಗಲ್ಲ ಎದೆಗೆ ತಾಗುವಂತೆ ಕೂರುತ್ತದೆ. ಈ ಕೊನೆಯ ಲಕ್ಷಣ ಕಂಡರೆ ಅದೇ ದಿನ ಪಶುವೈದ್ಯರ ಬಳಿ ಒಯ್ಯಬೇಕು, ಏನು ತಿನ್ನಿಸುತ್ತಿದ್ದಿರಿ ಎಂಬುದನ್ನೂ ಹೇಳಬೇಕು. ಥಯಾಮಿನ್ ಚುಚ್ಚುಮದ್ದು ಕರುಳನ್ನು ಬಳಸದೆ ನೇರವಾಗಿ ಒಳಸೇರುವುದರಿಂದ ಕಿಣ್ವಕ್ಕೆ ಸಿಗುವುದಿಲ್ಲ. ಬಿ-1 ಮಾತ್ರೆಯನ್ನು ಪುಡಿಮಾಡಿ ಅದೇ ಹಸಿ ಮೀನಿನಲ್ಲಿ ಬೆರೆಸಿ ಕೊಟ್ಟರೆ, ಆ ಮಾತ್ರೆಯ ಬಹುಪಾಲನ್ನು ಮೀನೇ ಒಡೆದುಹಾಕುತ್ತದೆ.